ಮೀನೆಣ್ಣೆಯೋ ಪಾಚಿ ಎಣ್ಣೆಯೋ: ಒಂದು ಕ್ಯಾಪ್ಸೂಲ್‌ನಲ್ಲಿ ನಿಜಕ್ಕೂ ಎಷ್ಟು ಇಪಿಎ, ಡಿಎಚ್‌ಎ ಇದೆ?

ಬಾಟಲಿಯ ಮುಂದೆ ದಪ್ಪ ಅಕ್ಷರದಲ್ಲಿ 'ಫಿಶ್ ಆಯಿಲ್ 1000 ಮಿ.ಗ್ರಾಂ' ಎಂದು ಬರೆದಿರುತ್ತದೆ. ಪಕ್ಕದಲ್ಲೇ ಪಾಚಿ ಎಣ್ಣೆಯ ಬಾಟಲಿ ಇಟ್ಟರೆ ಅದರ ಮೇಲೆ 500 ಎಂದೋ 670 ಎಂದೋ ಇರುತ್ತದೆ. ನೋಡಿದ ತಕ್ಷಣ ಮೀನೆಣ್ಣೆಯೇ ಜಾಸ್ತಿ ಕೊಡುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಈ ಎರಡೂ ಅಂಕಿಗಳು ಹೇಳುವುದು ಕ್ಯಾಪ್ಸೂಲ್ ಒಳಗೆ ಎಷ್ಟು ಎಣ್ಣೆ ತುಂಬಿದ್ದಾರೆ ಅನ್ನುವುದನ್ನು ಮಾತ್ರ. ಆ ಎಣ್ಣೆಯಲ್ಲಿ ನಮಗೆ ಬೇಕಾದ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಎಷ್ಟಿವೆ ಅನ್ನುವುದು ಬೇರೆಯೇ ಲೆಕ್ಕ. ಆ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಒಂದು ಪೆನ್ನು, ಚೂರು ಕಾಗದ, ಫೋನಿನ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಮೊದಲು ಒಂದು ವಿಷಯ. ಒಮೆಗಾ-3 ಅನ್ನುವುದು ಒಂದೇ ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಅಗಸೆ ಬೀಜದಲ್ಲಿರುವ ಎಎಲ್‌ಎ ಕೂಡ ಒಮೆಗಾ-3 ಕುಟುಂಬದ್ದೇ. ಆದರೆ ನಮ್ಮ ದೇಹ ಅದನ್ನು ಇಪಿಎ ಆಗಿ ಬದಲಿಸುವುದು ಬಹಳ ಕಡಿಮೆ, ಡಿಎಚ್‌ಎ ಆಗಿ ಬದಲಿಸುವುದು ಅದಕ್ಕಿಂತಲೂ ಕಡಿಮೆ. ಅದಕ್ಕೇ ಜನ ಈ ಎರಡನ್ನು ನೇರವಾಗಿ ಕ್ಯಾಪ್ಸೂಲ್‌ನಿಂದ ಪಡೆಯಲು ನೋಡುತ್ತಾರೆ. ಮೀನು ಕೂಡ ಇವನ್ನು ತಾನೇ ಹೆಚ್ಚಾಗಿ ತಯಾರಿಸುವುದಿಲ್ಲ. ಸಮುದ್ರದ ಸೂಕ್ಷ್ಮ ಪಾಚಿಗಳಲ್ಲಿ ಇವು ಹುಟ್ಟುತ್ತವೆ, ಆಹಾರ ಸರಪಳಿಯಲ್ಲಿ ಮೇಲೇರಿ ಮೀನಿನ ಕೊಬ್ಬಿನಲ್ಲಿ ಸೇರುತ್ತವೆ. ಪಾಚಿ ಎಣ್ಣೆ ಮಾಡುವವರು ಮಧ್ಯದ ಮೀನನ್ನು ಬಿಟ್ಟು ಮೂಲಕ್ಕೇ ಹೋಗುತ್ತಾರೆ, ಅಷ್ಟೇ. ಡಿಎಚ್‌ಎ ಅಣು ಮೀನಿನಿಂದ ಬಂದರೂ ಪಾಚಿಯಿಂದ ಬಂದರೂ ಒಂದೇ. ಹಾಗಾಗಿ ಇವೆರಡರ ನಡುವಿನ ಹೋಲಿಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಮಿಲಿಗ್ರಾಂ' ಅನ್ನುವುದು.

ಹೆಜ್ಜೆ 1: ಬಾಟಲಿ ತಿರುಗಿಸಿ, ಸರ್ವಿಂಗ್ ಸೈಜ್ ಹುಡುಕಿ

ಮುಂದಿನ ಲೇಬಲ್ ಜಾಹೀರಾತು. ಹಿಂದಿನ ಪಟ್ಟಿ ಲೆಕ್ಕಪತ್ರ. ಪಟ್ಟಿಯ ತಲೆಯಲ್ಲೇ 'ಸರ್ವಿಂಗ್ ಸೈಜ್' ಎಂಬ ಸಾಲು ಇರುತ್ತದೆ. ಬಹಳ ಸಲ ಅಕ್ಷರ ಇರುವೆಯಷ್ಟು ಸಣ್ಣದಿರುತ್ತದೆ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಲ್ಲಿ '1 ಸಾಫ್ಟ್‌ಜೆಲ್' ಅಂತ ಇದೆಯೋ, '2 ಸಾಫ್ಟ್‌ಜೆಲ್' ಅಂತ ಇದೆಯೋ ಅನ್ನುವುದರ ಮೇಲೆ ಮುಂದಿನ ಎಲ್ಲ ಅಂಕಿಗಳೂ ನಿಂತಿವೆ. ಕೆಲವು ಬಾಟಲಿಗಳಲ್ಲಿ ಇದು ಮೂರೂ ಇರಬಹುದು.

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಮುಂದೆ 'ಒಮೆಗಾ-3 600 ಮಿ.ಗ್ರಾಂ' ಎಂದು ಹಾಕಿ, ಹಿಂದೆ ಸರ್ವಿಂಗ್ ಸೈಜ್ 2 ಎಂದು ಬರೆದಿದ್ದರೆ ಒಂದು ಕ್ಯಾಪ್ಸೂಲ್‌ನಲ್ಲಿರುವುದು 300 ಮಾತ್ರ. ಇದರಲ್ಲಿ ಸುಳ್ಳೇನೂ ಇಲ್ಲ. ದಿನಕ್ಕೆ ಒಂದೇ ನುಂಗುವವರು ತಾವು 600 ತೆಗೆದುಕೊಳ್ಳುತ್ತಿದ್ದೇವೆ ಅಂದುಕೊಳ್ಳುತ್ತಾರೆ, ಅಷ್ಟೇ.

ಹೆಜ್ಜೆ 2: ಇಪಿಎ, ಡಿಎಚ್‌ಎ ಎಂಬ ಎರಡು ಸಾಲು ಬೇರೆ ಬೇರೆ ಇವೆಯೇ ನೋಡಿ

ಪಟ್ಟಿಯಲ್ಲಿ ನಾಲ್ಕೈದು ಅಂಕಿ ಕಾಣುತ್ತವೆ. 'ಫಿಶ್ ಆಯಿಲ್' ಅಥವಾ 'ಆಲ್ಗಲ್ ಆಯಿಲ್' ಎಂಬ ಸಾಲು ಎಣ್ಣೆಯ ತೂಕ. 'ಟೋಟಲ್ ಒಮೆಗಾ-3' ಎಂಬುದು ಇಡೀ ಕುಟುಂಬದ ಮೊತ್ತ. ಅದರಲ್ಲಿ ಇಪಿಎ, ಡಿಎಚ್‌ಎ ಜೊತೆಗೆ ಡಿಪಿಎ, ಎಎಲ್‌ಎ ಮುಂತಾದವೂ ಸೇರಿರುತ್ತವೆ. ಅದರ ಕೆಳಗೆ ಸ್ವಲ್ಪ ಒಳಗೆ ಸರಿದು ಇಪಿಎ ಇಷ್ಟು, ಡಿಎಚ್‌ಎ ಇಷ್ಟು ಎಂದು ಬರೆದಿರುತ್ತಾರೆ. ನಮಗೆ ಬೇಕಾದ ಸಾಲುಗಳು ಈ ಎರಡೇ.

ಈ ಎರಡು ಸಾಲು ಇಲ್ಲದಿದ್ದರೆ? 'ಒಮೆಗಾ-3 1000 ಮಿ.ಗ್ರಾಂ' ಎಂದಷ್ಟೇ ಬರೆದು ಸುಮ್ಮನಾಗಿದ್ದರೆ? ನನ್ನ ಮಾತು ಕೇಳುವುದಾದರೆ ಆ ಬಾಟಲಿಯನ್ನು ವಾಪಸ್ ಇಟ್ಟುಬಿಡಿ. ಚೆನ್ನಾಗಿರುವ ಅಂಕಿಯನ್ನು ಯಾವ ಕಂಪನಿಯೂ ಬಚ್ಚಿಡುವುದಿಲ್ಲ. 'ಒಮೆಗಾ 3-6-9' ಎಂಬ ಮಿಶ್ರಣಗಳಲ್ಲಿ ಈ ಮರೆಮಾಚುವಿಕೆ ಇನ್ನೂ ಜಾಸ್ತಿ. ಒಮೆಗಾ-6 ಮತ್ತು 9 ಮಾಮೂಲಿ ಅಡುಗೆ ಎಣ್ಣೆಯಲ್ಲೇ ಧಾರಾಳವಾಗಿ ಇರುತ್ತವೆ, ಅದಕ್ಕಾಗಿ ಕ್ಯಾಪ್ಸೂಲ್ ಬೇಕಿಲ್ಲ. ಮಿಶ್ರಣದ ಒಟ್ಟು ತೂಕ ಹಿಗ್ಗುತ್ತದೆ, ಇಪಿಎ ಡಿಎಚ್‌ಎ ಕುಗ್ಗುತ್ತದೆ. ಜಗಿಯುವ ಗಮ್ಮಿಗಳನ್ನೂ ಇದೇ ಅನುಮಾನದಿಂದ ನೋಡಿ. ಅಂಟು ಮತ್ತು ಸಕ್ಕರೆಯ ನಡುವೆ ಎಣ್ಣೆಗೆ ಸಿಗುವ ಜಾಗವೇ ಕಡಿಮೆ.

ಹೆಜ್ಜೆ 3: ಭಾಗಿಸಿ

```
ಒಂದು ಕ್ಯಾಪ್ಸೂಲ್‌ನ ಇಪಿಎ  = ಪಟ್ಟಿಯ ಇಪಿಎ ÷ ಸರ್ವಿಂಗ್ ಸೈಜ್
ಒಂದು ಕ್ಯಾಪ್ಸೂಲ್‌ನ ಡಿಎಚ್‌ಎ = ಪಟ್ಟಿಯ ಡಿಎಚ್‌ಎ ÷ ಸರ್ವಿಂಗ್ ಸೈಜ್
ಸಾಂದ್ರತೆ % = (ಇಪಿಎ + ಡಿಎಚ್‌ಎ) ÷ ಎಣ್ಣೆಯ ತೂಕ × 100
```

ಮೂರು ಬಾಟಲಿ ತೆಗೆದುಕೊಂಡು ಮಾಡಿ ನೋಡೋಣ. ಅಂಕಿಗಳು ನಾನೇ ಉದಾಹರಣೆಗೆ ಇಟ್ಟುಕೊಂಡವು, ಆದರೆ ಲೇಬಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೇ.

ಮೊದಲನೆಯದು ಸಾದಾ ಮೀನೆಣ್ಣೆ. ಸರ್ವಿಂಗ್ ಸೈಜ್ 2. ಎಣ್ಣೆ 2000, ಇಪಿಎ 360, ಡಿಎಚ್‌ಎ 240. ಎರಡರಿಂದ ಭಾಗಿಸಿದರೆ ಒಂದು ಕ್ಯಾಪ್ಸೂಲ್‌ಗೆ ಎಣ್ಣೆ 1000, ಇಪಿಎ 180, ಡಿಎಚ್‌ಎ 120. ಒಟ್ಟು 300 ಮಿ.ಗ್ರಾಂ, ಅಂದರೆ ಶೇ 30. ಈ ವ್ಯಾಪಾರದಲ್ಲಿರುವವರು ಇದನ್ನು '18/12 ಎಣ್ಣೆ' ಎಂದೇ ಕರೆಯುತ್ತಾರೆ. ಆಂಚೊವಿ, ಸಾರ್ಡೀನ್‌ನಂಥ ಸಣ್ಣ ಮೀನುಗಳಿಂದ ತೆಗೆದು ಶುದ್ಧ ಮಾಡಿದ ಎಣ್ಣೆಯಲ್ಲಿ ಹೆಚ್ಚುಕಡಿಮೆ ಇಷ್ಟೇ ಸಿಗುವುದು. ಉಳಿದ 700 ಮಿ.ಗ್ರಾಂ ಕೂಡ ಕೊಬ್ಬೇ, ಆದರೆ ನಾವು ಹುಡುಕುತ್ತಿರುವ ಕೊಬ್ಬಲ್ಲ.

ಎರಡನೆಯದು ಪಾಚಿ ಎಣ್ಣೆ. ಸರ್ವಿಂಗ್ ಸೈಜ್ ಇದಕ್ಕೂ 2. ಎಣ್ಣೆ 1340, ಡಿಎಚ್‌ಎ 400, ಇಪಿಎ 200. ಒಂದು ಕ್ಯಾಪ್ಸೂಲ್‌ಗೆ ಎಣ್ಣೆ 670, ಡಿಎಚ್‌ಎ 200, ಇಪಿಎ 100. ಒಟ್ಟು 300. ಸಾಂದ್ರತೆ ಸುಮಾರು ಶೇ 45. ಎಣ್ಣೆ ಕಡಿಮೆ, ಫಲ ಅಷ್ಟೇ. ಮುಂದಿನ ಲೇಬಲ್‌ನ 1000 ಮತ್ತು 670 ನೋಡಿ ತೀರ್ಮಾನ ಮಾಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಮೂರನೆಯದು 'ಹೈ ಸ್ಟ್ರೆಂತ್' ಮೀನೆಣ್ಣೆ. ಸರ್ವಿಂಗ್ ಸೈಜ್ 1. ಎಣ್ಣೆ 1000, ಇಪಿಎ 400, ಡಿಎಚ್‌ಎ 300. ಒಟ್ಟು 700, ಅಂದರೆ ಶೇ 70. ಇದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇದರಲ್ಲಿ ಇನ್ನೊಂದು ಗಂಟು ಇದೆ, ಹೆಜ್ಜೆ 5ರಲ್ಲಿ ಬಿಚ್ಚೋಣ.

ಸಾಂದ್ರತೆ ಯಾಕೆ ಲೆಕ್ಕ ಹಾಕಬೇಕು ಅಂದರೆ, ಲೇಬಲ್ ನಂಬುವಂತಿದೆಯೋ ಇಲ್ಲವೋ ಅನ್ನುವುದಕ್ಕೆ ಅದು ಮೊದಲ ಜರಡಿ. ಸಾದಾ ಮೀನೆಣ್ಣೆ ಎಂದು ಹೇಳಿಕೊಂಡು ಶೇ 60 ತೋರಿಸಿದರೆ ಏನೋ ಸರಿಯಿಲ್ಲ. ಅಷ್ಟು ಬರಬೇಕಾದರೆ ಎಣ್ಣೆಯನ್ನು ಸಾಂದ್ರ ಮಾಡಿರಲೇಬೇಕು, ಮತ್ತು ಅದನ್ನು ಲೇಬಲ್‌ನಲ್ಲಿ ಎಲ್ಲೋ ಹೇಳಿರಬೇಕು. ಇಪಿಎ ಮತ್ತು ಡಿಎಚ್‌ಎ ಕೂಡಿದಾಗ ಎಣ್ಣೆಯ ತೂಕಕ್ಕಿಂತ ಜಾಸ್ತಿ ಬಂದರಂತೂ ಅಚ್ಚಿನ ತಪ್ಪು ಅಥವಾ ಅದಕ್ಕಿಂತ ಕೆಟ್ಟದ್ದು.

ಎಣ್ಣೆಯ ತೂಕವನ್ನೇ ಬರೆದಿಲ್ಲದಿದ್ದರೆ 'ಟೋಟಲ್ ಫ್ಯಾಟ್' ಸಾಲು ನೋಡಿ. ಅದು ಹತ್ತಿರಹತ್ತಿರ ಎಣ್ಣೆಯ ತೂಕವೇ. ಆದರೆ ಆ ಅಂಕಿಯನ್ನು ಅರ್ಧ ಗ್ರಾಂಗೋ ಒಂದು ಗ್ರಾಂಗೋ ದುಂಡು ಮಾಡಿರುತ್ತಾರೆ, ಹಾಗಾಗಿ ಅಂದಾಜಿಗೆ ಮಾತ್ರ. ಕ್ಯಾಪ್ಸೂಲನ್ನು ತಕ್ಕಡಿಯಲ್ಲಿಟ್ಟು ತೂಗುವುದರಿಂದ ಏನೂ ತಿಳಿಯದು. ಹೊರಗಿನ ಚಿಪ್ಪಿನದೇ ಒಳ್ಳೆಯ ತೂಕವಿರುತ್ತದೆ.

ಹೆಜ್ಜೆ 4: ಇಪಿಎ ಎಷ್ಟು, ಡಿಎಚ್‌ಎ ಎಷ್ಟು ಅಂತ ಬೇರೆಬೇರೆ ನೋಡಿ

ಮೊದಲೆರಡು ಬಾಟಲಿಗಳಲ್ಲೂ ಒಟ್ಟು 300 ಬಂತು. ಆದರೆ ಒಳಗೆ ಕೂತಿರುವುದು ತಿರುಗುಮುರುಗು. ಮೀನೆಣ್ಣೆಯಲ್ಲಿ ಇಪಿಎ ಮುಂದೆ, ಪಾಚಿ ಎಣ್ಣೆಯಲ್ಲಿ ಡಿಎಚ್‌ಎ ಮುಂದೆ. ಎಲ್ಲ ಮೀನೂ ಹೀಗೇ ಅಲ್ಲ. ಟ್ಯೂನಾ ಎಣ್ಣೆಯಲ್ಲಿ ಡಿಎಚ್‌ಎಯೇ ಹೆಚ್ಚು. ಆದರೂ ಅಂಗಡಿಯ ಸಾದಾ ಮೀನೆಣ್ಣೆ ಬಹುಪಾಲು ಇಪಿಎ ಕಡೆಗೇ ವಾಲಿರುತ್ತದೆ.

ಪಾಚಿ ಎಣ್ಣೆಯಲ್ಲಿ ಯಾವ ಜೀವಿಯಿಂದ ತೆಗೆದದ್ದು ಅನ್ನುವುದು ಮುಖ್ಯ. ಲೇಬಲ್‌ನ ಪದಾರ್ಥಗಳ ಸಾಲಿನಲ್ಲಿ ಹೆಸರು ಹುಡುಕಿ. 'ಕ್ರಿಪ್ಟೆಕೊಡಿನಿಯಂ ಕೋನಿ' ಎಂದಿದ್ದರೆ ಅದರಲ್ಲಿ ಡಿಎಚ್‌ಎ ಮಾತ್ರ, ಇಪಿಎ ಇಲ್ಲವೆಂದೇ ಹೇಳಬೇಕು. ಮಕ್ಕಳ ಹಾಲಿನ ಪುಡಿಗೆ ಬಹಳ ವರ್ಷಗಳಿಂದ ಹೋಗುತ್ತಿರುವ ಎಣ್ಣೆ ಇದು. 'ಸ್ಕೈಜೋಕೈಟ್ರಿಯಂ' ಎಂದಿದ್ದರೆ ಡಿಎಚ್‌ಎ ಜೊತೆಗೆ ಇಪಿಎ ಇರಬಹುದು, ಆದರೆ ಎಷ್ಟು ಅನ್ನುವುದು ತಳಿಯ ಮೇಲೆ ಬದಲಾಗುತ್ತದೆ. ಕೆಲವು ತಳಿಗಳಲ್ಲಿ ಹೆಸರಿಗೆ ಮಾತ್ರ, ಕೆಲವದರಲ್ಲಿ ಡಿಎಚ್‌ಎಯ ಅರ್ಧದಷ್ಟು. 'ನ್ಯಾನೊಕ್ಲೊರಾಪ್ಸಿಸ್' ಎಂದಿದ್ದರೆ ತದ್ವಿರುದ್ಧ, ಅದು ಇಪಿಎ ಕೊಡುವ ಪಾಚಿ. ಅಂದಹಾಗೆ, ಸ್ಕೈಜೋಕೈಟ್ರಿಯಂ ಅನ್ನು ಜೀವವಿಜ್ಞಾನಿಗಳು ನಿಜವಾದ ಪಾಚಿ ಎಂದು ಒಪ್ಪುವುದಿಲ್ಲ. ಬಿಸಿಲು ಬೇಕಿಲ್ಲದೆ, ಮುಚ್ಚಿದ ಸ್ಟೀಲ್ ಟ್ಯಾಂಕಿನಲ್ಲಿ ಸಕ್ಕರೆ ತಿಂದು ಬೆಳೆಯುವ ಸೂಕ್ಷ್ಮಜೀವಿ ಅದು. ಮಾರುಕಟ್ಟೆಯಲ್ಲಿ ಪಾಚಿ ಎಂಬ ಹೆಸರೇ ನಿಂತುಬಿಟ್ಟಿದೆ.

ಈ ಅನುಪಾತ ಯಾವಾಗ ಲೆಕ್ಕಕ್ಕೆ ಬರುತ್ತದೆ? ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಕೊಟ್ಟ ಸಲಹೆ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಇಪಿಎ ಮತ್ತು ಡಿಎಚ್‌ಎ ಸೇರಿ 250 ಮಿ.ಗ್ರಾಂ ಸಾಕು. ಈ ಗುರಿಗೆ ಮೊದಲೆರಡು ಬಾಟಲಿಗಳಲ್ಲಿ ಯಾವುದಾದರೂ ಸರಿ, ದಿನಕ್ಕೊಂದು. ಆಹಾರದಲ್ಲೇ ವಾರಕ್ಕೆರಡು ಸಲ ಕೊಬ್ಬಿರುವ ಮೀನು ತಿನ್ನುವವರಿಗೆ ಅದೂ ಬೇಕಾಗದಿರಬಹುದು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದೇ ಸಂಸ್ಥೆ ಇದರ ಮೇಲೆ ಇನ್ನೂ 100ರಿಂದ 200 ಮಿ.ಗ್ರಾಂ ಡಿಎಚ್‌ಎ ಸೇರಿಸುತ್ತದೆ. ಗಮನಿಸಿ, ಡಿಎಚ್‌ಎ. ಆ 200ನ್ನು ಪಾಚಿ ಎಣ್ಣೆಯ ಒಂದೇ ಕ್ಯಾಪ್ಸೂಲ್ ತುಂಬಿಸುತ್ತದೆ. ಸಾದಾ ಮೀನೆಣ್ಣೆಯಾದರೆ ಎರಡು ಬೇಕು. ಎಷ್ಟು, ಯಾವಾಗಿಂದ ಅನ್ನುವುದನ್ನು ನೋಡಿಕೊಳ್ಳುತ್ತಿರುವ ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನಿಸಿ.

ಡೋಸ್ ಹೆಚ್ಚಿಸಲು ಕಾಡ್ ಲಿವರ್ ಆಯಿಲ್ ಕ್ಯಾಪ್ಸೂಲ್‌ಗಳನ್ನು ನಾಲ್ಕೈದು ನುಂಗುವವರಿದ್ದಾರೆ. ಅದು ಮೀನಿನ ಯಕೃತ್ತಿನ ಎಣ್ಣೆ. ಅದರಲ್ಲಿ ವಿಟಮಿನ್ ಎ ಮತ್ತು ಡಿ ಕೂಡ ಇರುತ್ತದೆ. ಕ್ಯಾಪ್ಸೂಲ್ ಸಂಖ್ಯೆ ಏರಿದಂತೆ ಇವೂ ಏರುತ್ತವೆ. ವಿಟಮಿನ್ ಎ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ, ಗರ್ಭದಲ್ಲಿರುವ ಮಗುವಿಗೆ ಅತಿಯಾದರೆ ಅಪಾಯ. ಮೀನೆಣ್ಣೆ ಬೇರೆ, ಮೀನಿನ ಯಕೃತ್ತಿನ ಎಣ್ಣೆ ಬೇರೆ. ಹೆಸರು ಸರಿಯಾಗಿ ಓದಿ.

ಹೆಜ್ಜೆ 5: ಎಣ್ಣೆ ಯಾವ ರೂಪದಲ್ಲಿದೆ?

ಈಗ ಪಕ್ಕಕ್ಕಿಟ್ಟ ಮೂರನೇ ಬಾಟಲಿಗೆ ಬರೋಣ. ಮೀನಿನಲ್ಲಾಗಲಿ ಪಾಚಿಯಲ್ಲಾಗಲಿ ಕೊಬ್ಬು ಟ್ರೈಗ್ಲಿಸರೈಡ್ ರೂಪದಲ್ಲಿರುತ್ತದೆ. ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲ ಅಂಟಿಕೊಂಡಿರುತ್ತವೆ. ಮೀನೆಣ್ಣೆಯನ್ನು ಸಾಂದ್ರ ಮಾಡಬೇಕಾದರೆ ಆ ಮೂರನ್ನೂ ಬಿಡಿಸಿ, ಪ್ರತಿಯೊಂದಕ್ಕೂ ಎಥನಾಲ್‌ನ ತುಣುಕು ಅಂಟಿಸುತ್ತಾರೆ. ಆಗ ಸಿಗುವುದು ಎಥೈಲ್ ಎಸ್ಟರ್. ಅದನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿ, ಬೇಡದ ಕೊಬ್ಬು ಬೇರ್ಪಡಿಸಿ, ಇಪಿಎ ಡಿಎಚ್‌ಎ ಹೆಚ್ಚಿರುವ ಭಾಗವನ್ನು ಉಳಿಸಿಕೊಳ್ಳುತ್ತಾರೆ. ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೆಲವರು ಇನ್ನೊಂದು ಹಂತ ಮುಂದೆ ಹೋಗಿ ಮತ್ತೆ ಗ್ಲಿಸರಾಲ್‌ಗೆ ಜೋಡಿಸುತ್ತಾರೆ. ಲೇಬಲ್‌ನಲ್ಲಿ 'ಆರ್‌ಟಿಜಿ' ಎಂದು ಕಂಡರೆ ಅದೇ.

ನಮ್ಮ ಲೆಕ್ಕಕ್ಕೆ ಇದರಿಂದ ಏನಾಗುತ್ತದೆ? ಎಥೈಲ್ ಎಸ್ಟರ್ ಬಾಟಲಿಯಲ್ಲಿ 'ಇಪಿಎ 400 ಮಿ.ಗ್ರಾಂ' ಎಂದಿದ್ದರೆ ಆ 400ರಲ್ಲಿ ಅಂಟಿಸಿದ ಎಥನಾಲ್ ತುಣುಕಿನ ತೂಕವೂ ಸೇರಿರಬಹುದು. ಬರೀ ಇಪಿಎ ಅಣುವಿನ ತೂಕ ಸುಮಾರು 302, ಅದರ ಎಥೈಲ್ ಎಸ್ಟರ್‌ನದು ಸುಮಾರು 330. ಭಾಗಿಸಿದರೆ 0.915. ಡಿಎಚ್‌ಎಗೆ ಹಾಗೆಯೇ 0.92. ಹಾಗಾಗಿ ಪಟ್ಟಿಯಲ್ಲಿ 'ಆ್ಯಸ್ ಎಥೈಲ್ ಎಸ್ಟರ್' ಎಂದು ಬರೆದಿದ್ದರೆ ಹೀಗೆ ಮಾಡಿ:

```
400 × 0.915 = 366   (ಇಪಿಎ)
300 × 0.92  = 276   (ಡಿಎಚ್‌ಎ)
ಒಟ್ಟು         = 642
```

700 ಅಂದುಕೊಂಡಿದ್ದು 642 ಆಯಿತು. ಸುಮಾರು ಶೇ 8 ಕಡಿಮೆ. ಇದು ಮೋಸವಲ್ಲ, ಅಳೆಯುವ ರೀತಿ ಬೇರೆ. ಡಾಕ್ಟರ್ ಬರೆದುಕೊಡುವ ಔಷಧಿಗಳಲ್ಲೂ ಇದೇ ಪದ್ಧತಿ ಇದೆ. ಒಮಾಕಾರ್ ಎಂಬ ಹೆಸರಿನ 1 ಗ್ರಾಂ ಕ್ಯಾಪ್ಸೂಲ್‌ನಲ್ಲಿ ಇಪಿಎ 465, ಡಿಎಚ್‌ಎ 375 ಮಿ.ಗ್ರಾಂ ಎನ್ನುವುದು ಎಥೈಲ್ ಎಸ್ಟರ್ ತೂಕವೇ. ಟ್ರೈಗ್ಲಿಸರೈಡ್ ಎಣ್ಣೆಯಲ್ಲೂ ಗ್ಲಿಸರಾಲ್ ಪಾಲು ಸೇರಿಸಿ ಬರೆಯುವವರಿದ್ದಾರೆ, ಆದರೆ ಅಲ್ಲಿನ ವ್ಯತ್ಯಾಸ ಶೇ 4ರಷ್ಟೇ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ರೂಪದ ಇನ್ನೊಂದು ಪರಿಣಾಮ ಊಟಕ್ಕೆ ಸಂಬಂಧಿಸಿದ್ದು. ಎಥೈಲ್ ಎಸ್ಟರ್ ಅನ್ನು ಖಾಲಿ ಹೊಟ್ಟೆಯಲ್ಲೋ ಕೊಬ್ಬೇ ಇಲ್ಲದ ತಿಂಡಿಯ ಜೊತೆಗೋ ನುಂಗಿದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಸ್ವಲ್ಪ ಎಣ್ಣೆ, ಬೆಣ್ಣೆ ಇರುವ ದೊಡ್ಡ ಊಟದ ಜೊತೆ ತೆಗೆದುಕೊಂಡರೆ ಕೆಲಸ ನಡೆಯುತ್ತದೆ. ಟ್ರೈಗ್ಲಿಸರೈಡ್ ಎಣ್ಣೆಗೂ ಊಟದ ಜೊತೆಯೇ ಒಳ್ಳೆಯದು, ಆದರೆ ಅದು ಅಷ್ಟು ಹಠ ಮಾಡುವುದಿಲ್ಲ. ಪಾಚಿ ಎಣ್ಣೆ ಸಾಮಾನ್ಯವಾಗಿ ಟ್ರೈಗ್ಲಿಸರೈಡ್ ರೂಪದಲ್ಲೇ ಬರುತ್ತದೆ.

ಕ್ಯಾಪ್ಸೂಲನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದರೆ ಕಳಪೆ, ತಿಳಿಯಾಗಿದ್ದರೆ ಅಸಲಿ ಎಂದು ತೋರಿಸುವ ವಿಡಿಯೊಗಳನ್ನು ನೋಡಿರಬಹುದು. ಸಾದಾ ಎಣ್ಣೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಚಳಿಗೆ ಮಸುಕಾಗುತ್ತದೆ, ಎಥೈಲ್ ಎಸ್ಟರ್ ಮಸುಕಾಗುವುದು ಕಡಿಮೆ. ಆ ಪರೀಕ್ಷೆ ಎಷ್ಟು ಮಿಲಿಗ್ರಾಂ ಇದೆ ಅನ್ನುವುದನ್ನು ಹೇಳುವುದೇ ಇಲ್ಲ.

ಹೆಜ್ಜೆ 6: ಲೇಬಲ್ ಹೇಳಿದ್ದು ನಿಜವೇ? ಬ್ಯಾಚ್ ವರದಿ ಕೇಳಿ

ಇಲ್ಲಿಯವರೆಗೆ ಮಾಡಿದ್ದು ಕಂಪನಿಯ ಮಾತನ್ನು ಸರಿಯಾಗಿ ಓದುವ ಕೆಲಸ. ಆ ಮಾತು ನಿಜವೇ ಅನ್ನುವುದಕ್ಕೆ ಲ್ಯಾಬ್ ವರದಿ ಬೇಕು. ಅದಕ್ಕೆ 'ಸರ್ಟಿಫಿಕೇಟ್ ಆಫ್ ಅನಾಲಿಸಿಸ್' ಎನ್ನುತ್ತಾರೆ, ಬಾಯಿಮಾತಲ್ಲಿ ಸಿಒಎ. ಬಾಟಲಿಯ ತಳದಲ್ಲೋ ಪಕ್ಕದಲ್ಲೋ ಲಾಟ್ ನಂಬರ್ ಅಚ್ಚಾಗಿರುತ್ತದೆ. ಆ ನಂಬರ್ ಬರೆದು ಕಂಪನಿಗೆ ಮೇಲ್ ಮಾಡಿ, ಇದೇ ಲಾಟ್‌ನ ವರದಿ ಕಳಿಸಿ ಎಂದು ಕೇಳಿ. ಐಎಫ್‌ಒಎಸ್ ಎಂಬ ಸ್ವತಂತ್ರ ಪರೀಕ್ಷಾ ಕಾರ್ಯಕ್ರಮದಲ್ಲಿರುವ ಮೀನೆಣ್ಣೆಗಳ ವರದಿಗಳು ಅವರ ಜಾಲತಾಣದಲ್ಲೇ ಸಿಗುತ್ತವೆ. ಯುಎಸ್‌ಪಿ ವೆರಿಫೈಡ್ ಗುರುತು ಇದ್ದರೂ ಹೊರಗಿನವರು ಪರೀಕ್ಷೆ ಮಾಡಿದ್ದಾರೆ ಎಂದರ್ಥ.

ವರದಿ ಬಂದಾಗ ಮೊದಲು ಲಾಟ್ ನಂಬರ್ ತಾಳೆ ನೋಡಿ. ಹಳೆಯ ಯಾವುದೋ ಬ್ಯಾಚಿನ ಚೆಂದದ ವರದಿಯನ್ನೇ ಎಲ್ಲರಿಗೂ ಕಳಿಸುವವರಿದ್ದಾರೆ. ಆಮೇಲೆ ಅದು ಡ್ರಮ್ಮಿನಲ್ಲಿ ಬಂದ ಎಣ್ಣೆಯ ವರದಿಯೋ, ಕ್ಯಾಪ್ಸೂಲ್‌ಗೆ ತುಂಬಿದ ಮೇಲಿನ ವರದಿಯೋ ನೋಡಿ. ಎರಡನೆಯದೇ ನಮಗೆ ಬೇಕಾದದ್ದು.

ಆಮೇಲೆ ಅಂಕಿಯ ಪಕ್ಕದ ಘಟಕ. ಇದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ವರದಿಯಲ್ಲಿ ಇಪಿಎ 'ಮಿ.ಗ್ರಾಂ/ಗ್ರಾಂ' ಎಂದಿರಬಹುದು, ಇಲ್ಲವೇ 'ಏರಿಯಾ ಶೇಕಡಾ' ಎಂದಿರಬಹುದು. ಇವೆರಡೂ ಒಂದೇ ಅಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರ ಎಣ್ಣೆಯಲ್ಲಿರುವ ಒಂದೊಂದು ಕೊಬ್ಬಿನಾಮ್ಲಕ್ಕೂ ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ಇಪಿಎಯ ಗುಡ್ಡ ಎಲ್ಲ ಗುಡ್ಡಗಳ ಒಟ್ಟು ವಿಸ್ತೀರ್ಣದಲ್ಲಿ ಎಷ್ಟು ಪಾಲು ಅನ್ನುವುದು ಏರಿಯಾ ಶೇಕಡಾ. ಗ್ಲಿಸರಾಲ್ ಆಗಲಿ, ಎಣ್ಣೆಯಲ್ಲಿರುವ ಕೊಬ್ಬಿನಾಮ್ಲವಲ್ಲದ ಇತರ ವಸ್ತುಗಳಾಗಲಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಏರಿಯಾ ಶೇ 18 ಎಂದ ಮಾತ್ರಕ್ಕೆ ಒಂದು ಗ್ರಾಂ ಎಣ್ಣೆಯಲ್ಲಿ 180 ಮಿ.ಗ್ರಾಂ ಇಪಿಎ ಇದೆ ಎಂದಾಗುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ತೂಕ ಬೇಕೆಂದರೆ ಮಿ.ಗ್ರಾಂ/ಗ್ರಾಂ ಅಂಕಿಯೇ ಬೇಕು.

ನಮ್ಮ ಪಾಚಿ ಎಣ್ಣೆಯ ವರದಿಯಲ್ಲಿ ಡಿಎಚ್‌ಎ 305 ಮಿ.ಗ್ರಾಂ/ಗ್ರಾಂ, ಇಪಿಎ 155 ಮಿ.ಗ್ರಾಂ/ಗ್ರಾಂ ಎಂದಿದೆ ಎಂದುಕೊಳ್ಳಿ. ಕ್ಯಾಪ್ಸೂಲ್‌ನಲ್ಲಿ ಎಣ್ಣೆ 670 ಮಿ.ಗ್ರಾಂ, ಅಂದರೆ 0.67 ಗ್ರಾಂ. 305ನ್ನು 0.67ರಿಂದ ಗುಣಿಸಿದರೆ 204. 155ನ್ನು ಗುಣಿಸಿದರೆ 104. ಲೇಬಲ್ ಹೇಳಿದ್ದು 200 ಮತ್ತು 100. ಪಾಸ್. ಸ್ವಲ್ಪ ಹೆಚ್ಚು ತುಂಬಿದ್ದಾರೆ, ಒಳ್ಳೆಯ ತಯಾರಕರು ಹಾಗೆ ಮಾಡುತ್ತಾರೆ.

ಸಾದಾ ಮೀನೆಣ್ಣೆಯ ವರದಿಯಲ್ಲಿ 'ಇಪಿಎ 18.4, ಡಿಎಚ್‌ಎ 12.1 ಏರಿಯಾ ಶೇ' ಎಂದಷ್ಟೇ ಇದೆ ಎಂದುಕೊಳ್ಳಿ. ನೋಡಲು ಲೇಬಲ್‌ಗಿಂತ ಚೆನ್ನಾಗಿದೆ. ಆದರೆ ತೂಕ ಗೊತ್ತಾಗಲಿಲ್ಲ. ಮತ್ತೆ ಮೇಲ್ ಮಾಡಿ ಮಿ.ಗ್ರಾಂ/ಗ್ರಾಂ ಕೇಳಿದಿರಿ. ಉತ್ತರ: ಇಪಿಎ 171, ಡಿಎಚ್‌ಎ 112. ಎಣ್ಣೆ ಸರಿಯಾಗಿ ಒಂದು ಗ್ರಾಂ ಆದ್ದರಿಂದ ಒಟ್ಟು 283. ಲೇಬಲ್ ಹೇಳಿದ 300ರಲ್ಲಿ ಶೇ 94. ನಾನಾದರೆ ಇದಕ್ಕೆ ಗಲಾಟೆ ಮಾಡುವುದಿಲ್ಲ, ಲ್ಯಾಬ್‌ನಿಂದ ಲ್ಯಾಬ್‌ಗೆ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಶೇ 80ಕ್ಕಿಂತ ಕೆಳಗೆ ಬಂದಿದ್ದರೆ ಆ ಬ್ರ್ಯಾಂಡ್ ಬಿಡುತ್ತಿದ್ದೆ. ಎರಡು ಸಲ ಕೇಳಿದರೂ ತೂಕದ ಅಂಕಿ ಕೊಡದೆ ಜಾರಿಕೊಂಡರೂ ಬಿಡುತ್ತಿದ್ದೆ.

ಹೆಜ್ಜೆ 7: ಅದೇ ಕಾಗದದಲ್ಲಿ ಎಣ್ಣೆ ಕಮಟಿದೆಯೇ ಅಂತಲೂ ನೋಡಿ

ಇಪಿಎ, ಡಿಎಚ್‌ಎ ಗಾಳಿಗೆ, ಬೆಳಕಿಗೆ, ಬಿಸಿಗೆ ಬೇಗ ಕೆಡುತ್ತವೆ. ಮೀನಿನದಾದರೂ ಪಾಚಿಯದಾದರೂ ಅಷ್ಟೇ. ಎಣ್ಣೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಪೆರಾಕ್ಸೈಡ್ ವ್ಯಾಲ್ಯೂ ಮತ್ತು ಅನಿಸಿಡಿನ್ ವ್ಯಾಲ್ಯೂ ಎಂಬ ಎರಡು ಅಂಕಿ ವರದಿಯಲ್ಲಿ ಇರುತ್ತವೆ. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ ಟೊಟಾಕ್ಸ್ ಸಿಗುತ್ತದೆ. ಒಮೆಗಾ-3 ಉದ್ಯಮದ ಒಕ್ಕೂಟವಾದ ಗೋಯೆಡ್ ಇಟ್ಟುಕೊಂಡಿರುವ ಮಿತಿ ಪೆರಾಕ್ಸೈಡ್‌ಗೆ 5, ಅನಿಸಿಡಿನ್‌ಗೆ 20, ಟೊಟಾಕ್ಸ್‌ಗೆ 26. ನಿಂಬೆ, ಕಿತ್ತಳೆ ಪರಿಮಳ ಹಾಕಿದ ಎಣ್ಣೆಯಲ್ಲಿ ಅನಿಸಿಡಿನ್ ಅಂಕಿ ಪರಿಮಳದಿಂದಲೇ ಏರಿಬಿಡುತ್ತದೆ, ಅಲ್ಲಿ ಪೆರಾಕ್ಸೈಡ್ ಮಾತ್ರ ನಂಬಬಹುದು.

ವರದಿ ಸಿಗದಿದ್ದರೆ ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿ ನೋಡಿ. ಸ್ವಲ್ಪ ಸಮುದ್ರದ ವಾಸನೆ ಬಂದರೆ ಪರವಾಗಿಲ್ಲ. ಹಳೆಯ ಬಣ್ಣದ ಡಬ್ಬಿ ತೆರೆದ ಹಾಗೆ ಮೂಗಿಗೆ ಚುಚ್ಚಿದರೆ, ನಾಲಿಗೆಗೆ ಕಹಿ ಹತ್ತಿದರೆ ಬಾಟಲಿ ಎಸೆಯಿರಿ. ದೊಡ್ಡ ಬಾಟಲಿ ಅಗ್ಗ ಎಂದು ತಂದು ಆರು ತಿಂಗಳು ಒಲೆಯ ಪಕ್ಕ ಇಡುವುದಕ್ಕಿಂತ ಸಣ್ಣದು ತಂದು ಬೇಗ ಮುಗಿಸುವುದು ಲೇಸು.

ಹೆಜ್ಜೆ 8: ಈಗ ಎರಡನ್ನೂ ಒಂದೇ ಅಳತೆಯಲ್ಲಿ ಹೋಲಿಸಿ

ಬೆಲೆ ಹೋಲಿಸುವಾಗ ಬಾಟಲಿಗೆ ಎಷ್ಟು, ಕ್ಯಾಪ್ಸೂಲ್‌ಗೆ ಎಷ್ಟು ಅನ್ನುವುದನ್ನು ಮರೆತುಬಿಡಿ. 1000 ಮಿ.ಗ್ರಾಂ ಇಪಿಎ-ಡಿಎಚ್‌ಎಗೆ ಎಷ್ಟು ಬಿತ್ತು ಅನ್ನುವುದನ್ನು ನೋಡಿ.

```
ಬಾಟಲಿಯ ಬೆಲೆ ÷ (ಕ್ಯಾಪ್ಸೂಲ್ ಸಂಖ್ಯೆ × ಒಂದರ ಇಪಿಎ+ಡಿಎಚ್‌ಎ) × 1000
```

60 ಕ್ಯಾಪ್ಸೂಲ್‌ನ ಮೊದಲೆರಡು ಬಾಟಲಿಗಳಲ್ಲಿ ಒಟ್ಟು 18,000 ಮಿ.ಗ್ರಾಂ ಇರುತ್ತದೆ. ಅಷ್ಟೇ ಕ್ಯಾಪ್ಸೂಲ್‌ನ ಮೂರನೆಯದರಲ್ಲಿ, 642ರ ಲೆಕ್ಕದಲ್ಲಿ, 38,520. ಹಾಗಾಗಿ ಮೂರನೆಯದು ಮೊದಲಿನದಕ್ಕಿಂತ ಎರಡು ಪಟ್ಟು ಬೆಲೆಯಾದರೂ ಸ್ವಲ್ಪ ಅಗ್ಗವೇ. ಪಾಚಿ ಎಣ್ಣೆ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ದುಬಾರಿ ಬೀಳುತ್ತದೆ. ಡಿಎಚ್‌ಎ ಮಾತ್ರ ಬೇಕೆನ್ನುವವರು ಡಿಎಚ್‌ಎ ಒಂದನ್ನೇ ಹಾಕಿ ಲೆಕ್ಕ ಮಾಡಿದರೆ ಅಂತರ ತಗ್ಗುತ್ತದೆ. ಮೀನಿನ ಅಲರ್ಜಿ ಇರುವವರಿಗೆ, ಸಸ್ಯಾಹಾರಿಗಳಿಗೆ ಈ ಚರ್ಚೆಯೇ ಬೇಡ, ಪಾಚಿ ಎಣ್ಣೆಯೇ ದಾರಿ. ಆದರೆ ಸಸ್ಯಾಹಾರಿಗಳು ಚಿಪ್ಪನ್ನೂ ನೋಡಬೇಕು. ಒಳಗೆ ಪಾಚಿ ಎಣ್ಣೆ, ಹೊರಗೆ ಪ್ರಾಣಿಜನ್ಯ ಜೆಲಟಿನ್ ಇರುವ ಕ್ಯಾಪ್ಸೂಲ್‌ಗಳೂ ಇವೆ. ಪಿಷ್ಟ ಅಥವಾ ಕ್ಯಾರಗೀನನ್‌ನಿಂದ ಮಾಡಿದ ಚಿಪ್ಪು ಎಂದು ಪಟ್ಟಿಯಲ್ಲಿ ಇರಬೇಕು.

ರಕ್ತದಲ್ಲಿನ ಟ್ರೈಗ್ಲಿಸರೈಡ್ ಇಳಿಸಲು ದಿನಕ್ಕೆ 4 ಗ್ರಾಂವರೆಗೆ ಒಮೆಗಾ-3 ಕೊಡುವುದು ಡಾಕ್ಟರ ಕೈಯಲ್ಲಿರುವ ಚಿಕಿತ್ಸೆ. ಅದನ್ನು ಸಾದಾ ಮೀನೆಣ್ಣೆಯಿಂದ ತಲುಪಲು ಹೊರಟರೆ ದಿನಕ್ಕೆ 13ಕ್ಕೂ ಹೆಚ್ಚು ಕ್ಯಾಪ್ಸೂಲ್ ಬೇಕು, ಜೊತೆಗೆ 9 ಗ್ರಾಂಗೂ ಹೆಚ್ಚು ಬೇಡದ ಕೊಬ್ಬು ಹೊಟ್ಟೆಗೆ ಹೋಗುತ್ತದೆ. ಮೇಲಾಗಿ ಅಷ್ಟು ದೊಡ್ಡ ಡೋಸ್ ಕೊಟ್ಟು ನಡೆಸಿದ ರಿಡ್ಯೂಸ್-ಇಟ್, ಸ್ಟ್ರೆಂತ್ ಎಂಬ ಎರಡು ದೊಡ್ಡ ಪ್ರಯೋಗಗಳಲ್ಲೂ ಹೃದಯದ ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಹೆಚ್ಚು ಜನರಲ್ಲಿ ಕಂಡುಬಂತು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವವರು, ಹೃದಯದ ಬಡಿತದ ತೊಂದರೆ ಇರುವವರು, ಆಪರೇಷನ್ ಹತ್ತಿರವಿರುವವರು ಕ್ಯಾಪ್ಸೂಲ್ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಹೇಳುವಾಗ 'ದಿನಕ್ಕೆ ಎರಡು ಕ್ಯಾಪ್ಸೂಲ್' ಅನ್ನಬೇಡಿ. ಕಾಗದದ ಮೇಲೆ ಬರೆದುಕೊಂಡ ಮಿಲಿಗ್ರಾಂ ಹೇಳಿ, ಇಪಿಎ ಇಷ್ಟು, ಡಿಎಚ್‌ಎ ಇಷ್ಟು ಅಂತ.